ಅಪ್‌ಡೇಟ್: ಕುಂಡದ ಮಲ್ಲಿಗೆಗೆ ಎರೆಹುಳು ಗೊಬ್ಬರ

ನನ್ನ ಪ್ರಶ್ನೆ: "12 ಇಂಚಿನ ಕುಂಡದ ದುಂಡು ಮಲ್ಲಿಗೆಗೆ ವಾರಕ್ಕೊಮ್ಮೆ ಎರೆಹುಳು ಗೊಬ್ಬರ ಹಾಕುತ್ತಿದ್ದೇನೆ. ಎಲೆ ಹಳದಿಯಾಗುತ್ತಿದೆ, ಮೊಗ್ಗಿಲ್ಲ. ಎಷ್ಟು ಹಾಕಬೇಕು, ಎಷ್ಟು ದಿನಕ್ಕೊಮ್ಮೆ?"

ಎರಡು ತಿಂಗಳಾಯಿತು, ಈಗ ಗಿಡದ ತುಂಬ ಮೊಗ್ಗಿದೆ. ನೀವು ಹೇಳಿದಂತೆ ಮೊದಲು ಮೇಲ್ಮಣ್ಣನ್ನು ಕೆದಕಿ ನೋಡಿದೆ. ಹಾಕಿದ ಗೊಬ್ಬರವೆಲ್ಲ ಎರಡು ಇಂಚು ದಪ್ಪದ ಕಪ್ಪು ಹೆಂಟೆಯಾಗಿ ಕೂತಿತ್ತು. ನೀರು ಅದರ ಮೇಲೆಯೇ ನಿಲ್ಲುತ್ತಿತ್ತು, ಸಣ್ಣ ನೊಣಗಳು ಹಾರಾಡುತ್ತಿದ್ದವು. ಬೇರಿಗೆ ಗಾಳಿಯೇ ಇರಲಿಲ್ಲ. ಎಲೆ ಹಳದಿಯಾದದ್ದು ಹಸಿವಿನಿಂದಲ್ಲ, ಉಸಿರುಕಟ್ಟಿ. ನಾನೋ ಹಸಿವೆಂದುಕೊಂಡು ಇನ್ನಷ್ಟು ಸುರಿಯುತ್ತಿದ್ದೆ!

ಆ ಪದರವನ್ನೆಲ್ಲ ತೆಗೆದು, ಮೂರು ದಿನ ಮಣ್ಣು ಆರಲು ಬಿಟ್ಟೆ. ಒಣ ಕಡ್ಡಿ ಕತ್ತರಿಸಿ, ಕೊಂಬೆಗಳ ತುದಿ ಸವರಿ, ಕುಂಡವನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ಬಿಸಿಲು ಬೀಳುವ ಕಡೆಗೆ ಸರಿಸಿದೆ. ಆಮೇಲೆ ಎರಡು ಹಿಡಿ, ಅಂದರೆ ಸುಮಾರು 100 ಗ್ರಾಂ ಗೊಬ್ಬರವನ್ನು ಕಾಂಡದಿಂದ ಎರಡು ಇಂಚು ಬಿಟ್ಟು, ಅಂಚಿನ ಸುತ್ತ ಉದುರಿಸಿ, ಮೇಲ್ಮಣ್ಣಿನಲ್ಲಿ ಬೆರೆಸಿ ನೀರು ಹಾಕಿದೆ. ಮತ್ತೆ ಹಾಕಿದ್ದು ಮೂವತ್ತು ದಿನಗಳ ನಂತರವೇ. ಪಕ್ಕದ 8 ಇಂಚಿನ ಸೇವಂತಿಗೆ ಕುಂಡಕ್ಕೆ ಒಂದೇ ಹಿಡಿ ಸಾಕಾಯಿತು.

ಮೊಗ್ಗಿನ ಶ್ರೇಯ ಗೊಬ್ಬರದ್ದಷ್ಟೇ ಅಲ್ಲ. ಸವರಿದ ಕಡೆ ಒಡೆದ ಹೊಸ ಚಿಗುರುಗಳ ತುದಿಯಲ್ಲೇ ಗೊಂಚಲು ಬಂದಿರುವುದು. ಬಿಸಿಲಿಲ್ಲದೆ ಅದೂ ಆಗುತ್ತಿರಲಿಲ್ಲ. ಮಳೆ ಹಿಡಿದು ಮಣ್ಣು ಆರದಿರುವ ದಿನಗಳಲ್ಲಿ ಗೊಬ್ಬರದ ಸರದಿಯನ್ನು ಮುಂದೂಡುತ್ತೇನೆ.