‘ಪ್ರವೇಶ ರದ್ದಾದಲ್ಲಿ’: ಶುಲ್ಕ ಹಿಂತಿರುಗಿಸುವ ನಿಯಮಕ್ಕೆ ಪದ ಬೇಕು (ಗುರುವಾರದೊಳಗೆ)

ಸು., ಹಾಸನ:
ಎಲ್ಲರಿಗೂ ನಮಸ್ಕಾರ. ಇಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವುದನ್ನು ಕಲಿಸುವ ಒಂದು ಖಾಸಗಿ ಸಂಸ್ಥೆಯ ಪ್ರವೇಶ ಅರ್ಜಿಯನ್ನು ತಿದ್ದಿಕೊಡಲು ಒಪ್ಪಿಕೊಂಡಿದ್ದೇನೆ. ಅರ್ಜಿ ಗುರುವಾರ ಅಚ್ಚಿಗೆ ಹೋಗುತ್ತದೆ. ಅದೇ ಒಕ್ಕಣೆ ಗೋಡೆಯ ಫಲಕಕ್ಕೂ ಬರಬೇಕು. ಈಗ ಇರುವುದು ಇಷ್ಟು: “ಒಮ್ಮೆ ಪಾವತಿಸಿದ ಶುಲ್ಕವನ್ನು ಯಾವುದೇ ಕಾರಣಕ್ಕೂ ಹಿಂತಿರುಗಿಸಲಾಗುವುದಿಲ್ಲ. ಪ್ರವೇಶ ರದ್ದಾದಲ್ಲಿ ಸಂಸ್ಥೆಯ ತೀರ್ಮಾನವೇ ಅಂತಿಮ.”

ಆಲೂರು, ಅರಕಲಗೂಡು ಕಡೆಯಿಂದ ಬರುವ ಪೋಷಕರು ಕೌಂಟರಿನಲ್ಲಿ ಜಗಳ ತೆಗೆದು ತೆಗೆದು, ಉಳಿದ ತರಗತಿಗಳ ಹಣವನ್ನು ಕೊಟ್ಟುಬಿಡೋಣ ಎಂಬ ತೀರ್ಮಾನಕ್ಕೆ ಮಾಲೀಕರು ಬಂದಿದ್ದಾರೆ. ಒಟ್ಟು ಶುಲ್ಕ 20,000 ರೂಪಾಯಿ. ಅದರಲ್ಲಿ ಪ್ರವೇಶದ ಖರ್ಚು 800, ಪುಸ್ತಕಕ್ಕೆ 1,200, ಮಿಕ್ಕ 18,000 ಬೋಧನೆಗೆ. 72 ತರಗತಿಗಳು. ನಾನು ‘ಪ್ರಮಾಣಾನುಗುಣ ಮರುಪಾವತಿ’ ಎಂದು ಬರೆದೆ. ಶುಲ್ಕ ಕಟ್ಟಿಸಿಕೊಳ್ಳುವ ಹುಡುಗಿಯೇ “ಹಾಗೆಂದರೇನು ಸಾರ್?” ಎಂದಳು. ಬೇರೆ ಪದ ಹೇಳಿ.

ಬೇಲೂರಿನ ಮೇಷ್ಟ್ರು:
ಆ ಹುಡುಗಿ ಕೇಳಿದ್ದು ಸರಿಯಾಗಿದೆ. ‘ಪ್ರಮಾಣಾನುಗುಣ’ ಕನ್ನಡವಲ್ಲ. ‘ರದ್ದು’ ಅರಬ್ಬಿಯದು, ‘ವಾಪಸ್ಸು’ ಪಾರಸಿಯದು. ‘ಪಾವತಿ’ಯೂ ಉತ್ತರದಿಂದ ಬಂದದ್ದು. ‘ಮರಳಿಕೆ’ ಎನ್ನಿ, ‘ಕೈಬಿಡಿಕೆ’ ಎನ್ನಿ. ಹಲ್ಮಿಡಿ ಇರುವ ತಾಲ್ಲೂಕಿನಲ್ಲಿ ಕುಳಿತು ಇಷ್ಟನ್ನಾದರೂ ಹೇಳದಿದ್ದರೆ ಹೇಗೆ?

ಚಿ.ರಾ., ಚಿಕ್ಕಮಗಳೂರು (ನಿವೃತ್ತ ಭಾಷಾಂತರಕಾರರು):
ಹಲ್ಮಿಡಿ ಶಾಸನವನ್ನು ಮೇಷ್ಟ್ರು ಇನ್ನೊಮ್ಮೆ ಓದಲಿ. ಅದರಲ್ಲಿ ಸಂಸ್ಕೃತ ಎಷ್ಟಿದೆ ಎಂದು ಎಣಿಸಿದ ಮೇಲೆ ಮಾತಾಡೋಣ.

ಸು. ಅವರೇ, ನಿಮ್ಮ ತೊಡಕು ನಾಮಪದದಲ್ಲಿಲ್ಲ, ಕ್ರಿಯಾಪದದಲ್ಲಿದೆ. ‘ಪ್ರವೇಶ ರದ್ದಾದಲ್ಲಿ’ ಎನ್ನುತ್ತೀರಿ. ರದ್ದು ಮಾಡಿದವರು ಯಾರು? ಹುಡುಗ ತಾನಾಗಿ ಬಿಟ್ಟನೇ, ಸಾಕಷ್ಟು ಜನ ಸೇರಲಿಲ್ಲವೆಂದು ಸಂಸ್ಥೆಯೇ ತರಗತಿ ನಿಲ್ಲಿಸಿತೇ? ‘ಆಗು’ ಹಾಕಿ ಕರ್ತೃವನ್ನು ಮಾಯ ಮಾಡಿದ್ದೀರಿ. ‘ಹಿಂತಿರುಗಿಸಲಾಗುವುದಿಲ್ಲ’ ಎಂಬಲ್ಲೂ ಅದೇ ಆಟ. ಎರಡೂ ವಾಕ್ಯಗಳನ್ನು ಜೋಡಿಸಿ ಓದಿದರೆ, ಸಂಸ್ಥೆಯೇ ಬಾಗಿಲು ಹಾಕಿಕೊಂಡರೂ ಹಣ ಕೊಡಬೇಕಾಗಿಲ್ಲ ಎಂದಾಗುತ್ತದೆ. ‘ನೀವು ಬಿಟ್ಟರೆ’, ‘ನಾವು ನಿಲ್ಲಿಸಿದರೆ’ ಎಂದು ಎರಡು ಭಾಗ ಮಾಡಿ. ಅನ್ಯಾಯ ಅಡಗಿಕೊಳ್ಳುವ ಜಾಗ ಅರ್ಧ ಅಲ್ಲಿಗೇ ಹೋಗುತ್ತದೆ.

‘ಮರುಪಾವತಿ’ಯನ್ನೂ ಬಿಡಿ. ಸಾಲ ತೀರಿಸುವುದಕ್ಕೆ ಆ ಪದ ಊರೂರಿನ ಬ್ಯಾಂಕುಗಳಲ್ಲಿ ನಿಂತುಹೋಗಿದೆ. ತಾವೇ ಇನ್ನೂ ಕಟ್ಟಬೇಕೇನೋ ಎಂದು ಪೋಷಕರು ಗಾಬರಿಯಾಗುತ್ತಾರೆ.

ಮೂಡಿಗೆರೆಯಿಂದ ಒಬ್ಬರು:
ನಮ್ಮದು ಹೋಂಸ್ಟೇ. ಜುಲೈ ಮಳೆಗೆ ಹೆದರಿ ಹಿಂದಿನ ರಾತ್ರಿ ಫೋನ್ ಮಾಡಿ ಬರುವುದಿಲ್ಲ ಎನ್ನುತ್ತಾರೆ. ಅಡುಗೆಗೆ ಕೋಳಿ ತಂದಾಗಿರುತ್ತದೆ. ಮುಂಗಡ ಹಿಂದಕ್ಕೆ ಕೊಡುವುದಿಲ್ಲ ಎಂದು ದೊಡ್ಡಕ್ಷರದಲ್ಲಿ ಬರೆಸಿದ್ದೇನೆ. ಅದೂ ಅನ್ಯಾಯವೇ?

ಚಿ.ರಾ.:
ಅಮ್ಮಾ, ಒಂದು ರಾತ್ರಿಯ ಕೋಣೆಯ ಮಾತು ಬೇರೆ, ನಾಲ್ಕು ತಿಂಗಳ ಪಾಠದ ಮಾತು ಬೇರೆ. ನಿಮ್ಮ ಕೋಳಿಗೆ ಬೇರೆ ಚರ್ಚೆ ತೆರೆಯಿರಿ.

ಹೊಸ ವಕೀಲರು, ಹಾಸನ:
ಇಷ್ಟೆಲ್ಲ ಏಕೆ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಹಣ ಹಿಂತಿರುಗಿಸುವುದಿಲ್ಲ’ ಎಂದು ಬರೆಯುವುದೇ ನಿಷಿದ್ಧ. ಹಾಸನದ ಜಿಲ್ಲಾ ಆಯೋಗಕ್ಕೆ ಒಂದು ದೂರು ಕೊಟ್ಟರೆ ಆ ಕರಾರು ಬಿದ್ದುಹೋಗುತ್ತದೆ. ಅರ್ಜಿಯಲ್ಲಿ ಏನು ಬರೆದರೂ ಒಂದೇ.

ಲ., ಬೆಂಗಳೂರು (ಮೂಲ ಸಕಲೇಶಪುರ):
ವಕೀಲರೇ, ಅರ್ಧ ಸರಿ. ಕಾಯ್ದೆ ಆ ಪದಗಳನ್ನು ನಿಷೇಧಿಸಿಲ್ಲ. ಕರಾರು ಮುರಿದವನ ಮೇಲೆ, ಎದುರು ಪಕ್ಷಕ್ಕೆ ಆದ ನಷ್ಟಕ್ಕೆ ತಾಳೆಯೇ ಇಲ್ಲದಷ್ಟು ದಂಡ ಹೇರುವುದನ್ನು ಅನ್ಯಾಯದ ಕರಾರುಗಳ ಪಟ್ಟಿಗೆ ಸೇರಿಸಿದೆ. ಸಕಾರಣವಿಲ್ಲದೆ ಒಂದು ಪಕ್ಷವೇ ಕರಾರನ್ನು ಕೊನೆಗಾಣಿಸುವ ಅಧಿಕಾರವೂ ಆ ಪಟ್ಟಿಯಲ್ಲಿದೆ. ಕರಾರೇ ಅನ್ಯಾಯದ್ದು ಎನ್ನುವ ದೂರು ಜಿಲ್ಲಾ ಆಯೋಗಕ್ಕಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕು. ಸೇವೆಯ ಕೊರತೆಯ ದೂರಾದರೆ ಜಿಲ್ಲೆಯಲ್ಲೇ ಆಗುತ್ತದೆ. 1872ರ ಕರಾರು ಕಾಯ್ದೆಯ 74ನೆಯ ಕಲಮು ಹೇಳುವುದೂ ಇದೇ ಜಾಡಿನ ಮಾತು: ಒಪ್ಪಂದದಲ್ಲಿ ಎಷ್ಟೇ ಮೊತ್ತ ಬರೆದಿರಲಿ, ಸಿಗುವುದು ಸಮಂಜಸವಾದ ಪರಿಹಾರ, ಅದೂ ಬರೆದ ಮೊತ್ತವನ್ನು ಮೀರದಂತೆ.

ಹಾಗಾಗಿ ಪದಕ್ಕಿಂತ ಮೊದಲು ಲೆಕ್ಕ ಸರಿಯಾಗಲಿ. ಒಬ್ಬ ಹುಡುಗನಿಗೆ ಕೆಲಸ ಸಿಕ್ಕಿತು ಎನ್ನಿ. 20ನೆಯ ತರಗತಿಗೆ ಬಂದವನು ಆಮೇಲೆ ಬರಲಿಲ್ಲ. ಬಿಡುತ್ತೇನೆಂದು ಪತ್ರ ಕೊಡುವ ಹೊತ್ತಿಗೆ 26 ತರಗತಿಗಳು ನಡೆದಿದ್ದವು. 18,000ವನ್ನು 72ರಿಂದ ಭಾಗಿಸಿದರೆ ತರಗತಿಗೆ 250 ರೂಪಾಯಿ. ಪತ್ರದ ದಿನದಿಂದ ಎಣಿಸಿದರೆ 46 ತರಗತಿ ಉಳಿದವು, ಅವನಿಗೆ 11,500 ಬರಬೇಕು. ಕೊನೆಯದಾಗಿ ಬಂದ ದಿನದಿಂದ ಎಣಿಸಿದರೆ 52 ಉಳಿದವು, 13,000 ಬರಬೇಕು. ನಿಮ್ಮ ‘ಪ್ರಮಾಣಾನುಗುಣ’ ಎರಡಕ್ಕೂ ಹೊಂದುತ್ತದೆ! ಕೌಂಟರಿನಲ್ಲಿ ಜಗಳ ನಡೆಯುವುದು ಈ 1,500 ರೂಪಾಯಿಗೆ.

ನನ್ನ ಮತ ಪತ್ರದ ದಿನಕ್ಕೆ. ಅವನು ಹೇಳುವ ತನಕ ಸಂಸ್ಥೆ ಅವನ ಕುರ್ಚಿಯನ್ನೂ ಕಂಪ್ಯೂಟರನ್ನೂ ಖಾಲಿ ಇಟ್ಟುಕೊಂಡಿರುತ್ತದೆ. ಆದರೆ ಪತ್ರ ತೆಗೆದುಕೊಂಡವರು ತಾರೀಖು ಹಾಕಿ ಸಹಿ ಮಾಡಿದ ಪ್ರತಿಯನ್ನು ಅವನಿಗೆ ಕೊಡಲೇಬೇಕು. ಇಲ್ಲವಾದರೆ ಪತ್ರವೇ ಬರಲಿಲ್ಲ ಎನ್ನುವುದು ಮುಂದಿನ ಆಟ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಕೋಚಿಂಗ್ ಕೇಂದ್ರಗಳ ಮಾರ್ಗಸೂಚಿ ಉಳಿದ ಅವಧಿಯ ಶುಲ್ಕವನ್ನು 10 ದಿನದೊಳಗೆ ಕೊಡಿ ಎನ್ನುತ್ತದೆ. ಅದು ಕಾಯ್ದೆಯಲ್ಲ, ಹೇಳಿರುವುದೂ 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳಿಗೆ. ಆದರೂ ಆ 10 ದಿನವನ್ನು ಎರವಲು ತೆಗೆದುಕೊಳ್ಳಲು ಅಡ್ಡಿಯಿಲ್ಲ.

ಬೇಲೂರಿನ ಮೇಷ್ಟ್ರು:
ಎರವಲು, ಎರವಲು! ತಾರೀಖು, ಸಹಿ, ಖಾಲಿ, ಕುರ್ಚಿ, ಎಲ್ಲವೂ ಎರವಲೇ. ಹೀಗೆ ಬರೆದರೆ ಕನ್ನಡದ್ದೆಂದು ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಚಿ.ರಾ.:
ವಿಭಕ್ತಿ ಪ್ರತ್ಯಯ ಉಳಿದರೆ ಭಾಷೆ ಉಳಿದಂತೆಯೇ. ಅಂದಹಾಗೆ ಅರಬ್ಬಿಯ ‘ರದ್ದ್’ ಎಂದರೆ ಮರಳಿಸುವುದು ಎಂಬ ಅರ್ಥವೂ ಉಂಟು. ನಿಮ್ಮ ‘ಮರಳಿಕೆ’ಯನ್ನು ಅವರು ಆಗಲೇ ಇಟ್ಟುಕೊಂಡಿದ್ದಾರೆ.

ಬೇಲೂರಿನ ಮೇಷ್ಟ್ರು:
ಹಾಗಾದರೆ ನಿಮ್ಮ ಸಂಸ್ಥೆಯವರು ರದ್ದಾದವರಿಗೆಲ್ಲ ಹಣ ಮರಳಿಸಲಿ. ಕುಚೋದ್ಯ ಸಾಕು. ‘ಉಳಿಕೆ’ ಎಂಬ ಪದವಾದರೂ ಬರಲಿ.

ಸು., ಹಾಸನ:
ಬಂತು ಮೇಷ್ಟ್ರೇ. ಈಗಿನ ಕರಡು:

“ನೀವು ನಡುವೆ ಬಿಟ್ಟರೆ: ಬಿಡುತ್ತೇನೆಂದು ಬರೆದ ಪತ್ರವನ್ನು ಕಚೇರಿಗೆ ಕೊಡಿ. ನಾವು ತಾರೀಖು ಹಾಕಿ, ಸಹಿ ಮಾಡಿ ಒಂದು ಪ್ರತಿಯನ್ನು ನಿಮಗೆ ಕೊಡುತ್ತೇವೆ. ಆ ದಿನದ ನಂತರ ಉಳಿದಿರುವ ಪ್ರತಿ ತರಗತಿಗೆ 250 ರೂಪಾಯಿಯಂತೆ ಉಳಿಕೆ ಹಣವನ್ನು 10 ದಿನದೊಳಗೆ ಹಿಂದಕ್ಕೆ ಕೊಡುತ್ತೇವೆ. ಪ್ರವೇಶದ 800 ರೂಪಾಯಿ ಹಿಂದಕ್ಕೆ ಬರುವುದಿಲ್ಲ. ಪುಸ್ತಕಗಳನ್ನು ಬಳಸದೆ ಮರಳಿಸಿದರೆ 1,200 ರೂಪಾಯಿಯನ್ನೂ ಕೊಡುತ್ತೇವೆ.

ತರಗತಿಯನ್ನು ನಾವು ಆರಂಭಿಸದಿದ್ದರೆ: ನೀವು ಕಟ್ಟಿದ 20,000 ರೂಪಾಯಿಯನ್ನು ಪೂರ್ತಿ ಹಿಂದಕ್ಕೆ ಕೊಡುತ್ತೇವೆ.”

ಹುಡುಗಿ ಒಂದೇ ಓದಿಗೆ ಲೆಕ್ಕ ಹಾಕಿ ತೋರಿಸಿದಳು. ‘ಸಂಸ್ಥೆಯ ತೀರ್ಮಾನವೇ ಅಂತಿಮ’ವನ್ನು ಹೊಡೆದುಹಾಕಲು ಮಾಲೀಕರು ಮುಖ ಹುಳ್ಳಗೆ ಮಾಡಿಕೊಂಡರು, ಆದರೂ ಒಪ್ಪಿದರು.

ಲ., ಬೆಂಗಳೂರು:
ನಾವೇ ನಡುವೆ ನಿಲ್ಲಿಸಿದರೆ ಎಂಬುದು ಎಲ್ಲಿ? 40 ತರಗತಿ ಕಲಿಸಿ ನಿಲ್ಲಿಸಿದರೆ, ಉಳಿದ 32ರ ಹಣ 8,000 ಕೊಟ್ಟು ಕೈತೊಳೆದುಕೊಳ್ಳುವರೇ? ಅರ್ಧ ಕಲಿತ ಲೆಕ್ಕವನ್ನು ಹಿಡಿದುಕೊಂಡು ಹುಡುಗ ಎಲ್ಲಿಗೆ ಹೋಗಬೇಕು?

ಸು., ಹಾಸನ:
ಅದನ್ನು ಮಾಲೀಕರ ಮುಂದಿಟ್ಟೆ. ಅವರು 8,000ಕ್ಕೆ ಪ್ರವೇಶದ 800 ಸೇರಿಸಿ ಕೊಡುತ್ತೇನೆ ಎನ್ನುತ್ತಾರೆ, ನಾನು ಪೂರ್ತಿ ಕೊಡಿ ಎನ್ನುತ್ತಿದ್ದೇನೆ. ಅಚ್ಚಿನವರಿಗೆ ಶನಿವಾರ ಎಂದು ಹೇಳಿದ್ದಾಗಿದೆ.