ಹಿತ್ತಲಿನ ಗೊಬ್ಬರದ ರಾಶಿ ನಾರುತ್ತಿದೆ, ಒಣ ಎಲೆ ಹಾಕಿದರೂ ನಿಲ್ಲುತ್ತಿಲ್ಲ

ಹಿತ್ತಲಬೇಲಿ (ಮೈಸೂರು):
ಎಲ್ಲರಿಗೂ ನಮಸ್ಕಾರ. ಮನೆ ಹಿಂದೆ ಜಾಲರಿ ಸುತ್ತಿ, ಮೂರಡಿ ಅಗಲ ಮೂರಡಿ ಎತ್ತರದ ಗೊಬ್ಬರದ ಗೂಡು ಮಾಡಿಕೊಂಡಿದ್ದೇನೆ. ಅಡುಗೆಮನೆಯ ತರಕಾರಿ ಸಿಪ್ಪೆ, ಕಾಫಿ ಚರಟ, ಜೊತೆಗೆ ಬೀದಿ ತುದಿಯ ಜ್ಯೂಸ್ ಅಂಗಡಿಯಿಂದ ಹಣ್ಣಿನ ಸಿಪ್ಪೆ ತರುತ್ತೇನೆ. ಹಸಿ ಮೂರು ಪಾಲು, ಒಣ ಎಲೆ ಒಂದು ಪಾಲು ಅಂತ ಒಂದು ಕಡೆ ಓದಿದ್ದೆ. ಹಾಗೇ ಬಕೆಟ್ಟಿನಲ್ಲಿ ಅಳೆದು ಹಾಕುತ್ತಾ ಬಂದಿದ್ದೇನೆ. ಬೇಸಿಗೆಯಲ್ಲಿ ಪರವಾಗಿರಲಿಲ್ಲ. ಮಳೆ ಶುರುವಾದ ಮೇಲೆ ಹಿತ್ತಲಿಗೆ ಹೋಗೋಕೇ ಆಗುತ್ತಿಲ್ಲ. ಪಕ್ಕದ ಮನೆಯ ಅಜ್ಜಿ ಅಡುಗೆಮನೆ ಕಿಟಕಿ ಮುಚ್ಚಿಬಿಟ್ಟಿದ್ದಾರೆ. ಒಣಗಿದ್ದು ಕಡಿಮೆ ಆಗಿರಬೇಕು ಅಂದುಕೊಂಡು ಸಾಮಿಲ್ಲಿನಿಂದ ಒಂದು ಚೀಲ ಮರದ ಹೊಟ್ಟು ತಂದು ಸುರಿದೆ. ಎರಡು ದಿನ ಕಡಿಮೆಯಾಯಿತು, ಆಮೇಲೆ ಮತ್ತೆ ಅದೇ ಕಥೆ. ಇನ್ನೇನು ಮಾಡಬೇಕು?

ಒಲೆಬದಿ:
ಇದಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ ಸರ್? ಒಲೆ ಬೂದಿ ಎರಡು ಬೊಗಸೆ ಎರಚಿ. ನಮ್ಮ ಊರಲ್ಲಿ ತಿಪ್ಪೆಗೆ ಮೊದಲಿನಿಂದಲೂ ಬೂದಿ ಹಾಕುತ್ತಾರೆ. ಬೂದಿ ಅಂದರೆ ಸುಟ್ಟ ಕಟ್ಟಿಗೆ, ಅದರಲ್ಲಿ ಇರೋದೆಲ್ಲ ಇಂಗಾಲ ತಾನೇ? ಬೂದಿ ಸಿಗದಿದ್ದರೆ ಸುಣ್ಣದ ಪುಡಿಯೂ ಆಗುತ್ತೆ.

ಗೊಬ್ಬರಗುಂಡಿ:
ತಡೀರಿ, ಬೂದಿ ಆಮೇಲೆ. ಹಿತ್ತಲಬೇಲಿಯವರೇ, ಮೊದಲು ಎರಡು ವಿಷಯ ನೋಡಿ ಹೇಳಿ. ವಾಸನೆ ಎಂಥದ್ದು? ಸರಿಯಾಗಿ ತೊಳೆಯದ ಮೂತ್ರಿಯ ಹಾಗೆ ಮೂಗಿಗೆ ಹೊಡೆದು ಕಣ್ಣು ಉರಿಯುತ್ತದಾ, ಇಲ್ಲಾ ಕೊಳೆತ ಮೊಟ್ಟೆ, ಚರಂಡಿ ಥರಾನಾ? ಎರಡಕ್ಕೂ ಕಾರಣ ಬೇರೆ, ಔಷಧಿಯೂ ಬೇರೆ. ಇನ್ನೊಂದು, ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ (ಗ್ಲೌಸ್ ಹಾಕ್ಕೊಳ್ಳಿ) ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದರೆ ಸರಿ. ಧಾರೆಯಾಗಿ ಸುರಿದರೆ ಸರಿಯಿಲ್ಲ.

ಹಿತ್ತಲಬೇಲಿ (ಮೈಸೂರು):
ನೋಡಿದೆ. ಮೇಲಿನ ಅರ್ಧ ಅಡಿ ಕೆದಕಿದರೆ ಮೂತ್ರಿ ವಾಸನೆ, ಕಣ್ಣೂ ಸ್ವಲ್ಪ ಉರಿಯಿತು. ಅದರ ಕೆಳಗೆ ಹೋದರೆ ಕೊಳೆತ ಮೊಟ್ಟೆ. ಹಿಂಡಿದಾಗ ಮುಂಗೈವರೆಗೆ ಕಪ್ಪು ನೀರು ಹರಿಯಿತು. ಮಧ್ಯದಲ್ಲಿ ಮರದ ಹೊಟ್ಟಿನ ಪದರ ಹಾಗೇ ಇದೆ. ಒದ್ದೆಯಾಗಿ, ಹೋಳಿಗೆ ಹೂರಣದ ಥರ ಅಂಟಿಕೊಂಡು ಕೂತಿದೆ. ಕೈಯಲ್ಲಿ ಮುರಿದರೆ ಹಲ್ಲೆ ಹಲ್ಲೆಯಾಗಿ ಬರುತ್ತೆ, ಒಳಗೆ ಮರದ ಬಣ್ಣ ಕೂಡ ಹೋಗಿಲ್ಲ.

ಗೊಬ್ಬರಗುಂಡಿ:
ಹಾಗಾದರೆ ನಿಮಗೆ ಎರಡೂ ಕಾಯಿಲೆ ಇದೆ. ಒಂದೊಂದಾಗಿ ಹೇಳುತ್ತೇನೆ.

ನೀವು ಓದಿದ ಮೂರಕ್ಕೆ ಒಂದು ಸುಳ್ಳಲ್ಲ. ಆದರೆ ಅದು ತೂಕದ ಲೆಕ್ಕ, ಬಕೆಟ್ಟಿನ ಲೆಕ್ಕವಲ್ಲ. ಹತ್ತು ಲೀಟರ್ ಬಕೆಟ್ಟಿನಲ್ಲಿ ತರಕಾರಿ ಸಿಪ್ಪೆ ತುಂಬಿದರೆ ಸುಮಾರು 5 ಕಿಲೋ ತೂಗುತ್ತೆ. ಅದೇ ಬಕೆಟ್ಟಿಗೆ ಒಣ ಎಲೆಯನ್ನು ಕೈಯಿಂದ ಒತ್ತಿ ತುಂಬಿದರೂ ಮುಕ್ಕಾಲು ಕಿಲೋ, ಹೆಚ್ಚೆಂದರೆ ಒಂದು ಕಿಲೋ. ಅಂದರೆ ನೀವು 15 ಕಿಲೋ ಹಸಿಗೆ 800 ಗ್ರಾಂ ಎಲೆ ಹಾಕುತ್ತಿದ್ದೀರಿ.

ಲೆಕ್ಕ ಹಾಕಿ ನೋಡೋಣ, ಎಲ್ಲಾ ಅಂದಾಜೇ. ಒಂದು ಕಿಲೋ ಅಡುಗೆಮನೆ ಕಸದಲ್ಲಿ 800 ಗ್ರಾಂ ಬರೀ ನೀರು. ಉಳಿದದ್ದರಲ್ಲಿ ಇಂಗಾಲ 90 ಗ್ರಾಂ, ಸಾರಜನಕ 6 ಗ್ರಾಂ. ಒಂದು ಕಿಲೋ ಉದುರಿದ ಒಣ ಎಲೆಯಲ್ಲಿ ಇಂಗಾಲ 400 ಗ್ರಾಂ, ಸಾರಜನಕ ಏಳು ಗ್ರಾಮಿಗಿಂತ ಕಡಿಮೆ. ನಿಮ್ಮ ಬಕೆಟ್ ಲೆಕ್ಕದಲ್ಲಿ ಇಂಗಾಲ 1670 ಗ್ರಾಂ ಬರುತ್ತೆ, ಸಾರಜನಕ 95 ಗ್ರಾಂ. ಭಾಗಿಸಿದರೆ 17, 18ರ ಹತ್ತಿರ. ರಾಶಿಗೆ ಬೇಕಾಗಿದ್ದು 25ರಿಂದ 30. ಸೂಕ್ಷ್ಮಜೀವಿಗಳು ತಮ್ಮ ಮೈ ಕಟ್ಟಿಕೊಳ್ಳುವಷ್ಟು ಸಾರಜನಕ ತೆಗೆದುಕೊಂಡು, ಮಿಕ್ಕಿದ್ದನ್ನು ಅಮೋನಿಯಾ ಮಾಡಿ ಗಾಳಿಗೆ ಬಿಡುತ್ತವೆ. ಮೇಲಿನ ಮೂತ್ರಿ ವಾಸನೆ ಅದೇ.

ಈಗ ಅದನ್ನೇ ತೂಕದಲ್ಲಿ ಮಾಡಿ. 3 ಕಿಲೋ ಹಸಿ, 1 ಕಿಲೋ ಎಲೆ. ಇಂಗಾಲ 670, ಸಾರಜನಕ 25ರ ಒಳಗೆ. ಭಾಗಿಸಿದರೆ 27. ಬಕೆಟ್ಟಿನಲ್ಲಿ ಹೇಳಬೇಕೆಂದರೆ ಒಂದು ಬಕೆಟ್ ಹಸಿಗೆ ಒತ್ತಿ ತುಂಬಿದ ಎರಡು ಬಕೆಟ್ ಎಲೆ. ಜ್ಯೂಸ್ ಅಂಗಡಿಯ ಕಲ್ಲಂಗಡಿ, ಮೂಸಂಬಿ ಇದ್ದ ದಿನ ಇನ್ನೂ ಅರ್ಧ ಬಕೆಟ್ ಜಾಸ್ತಿ ಹಾಕಿ, ಅದರಲ್ಲಿ ನೀರೇ ನೀರು.

ಇನ್ನು ಮರದ ಹೊಟ್ಟು. ಕಾಗದದ ಮೇಲೆ ಅದು ಇಂಗಾಲದ ಗಣಿ. ಒಂದೆರಡು ಕಿಲೋ ಹಾಕಿದರೆ ನಿಮ್ಮ ಲೆಕ್ಕ ಸರಿಯಾಗಿಬಿಡುತ್ತೆ. ಆದರೂ ನಾರುತ್ತಿದೆ ಅಲ್ವಾ? ಯಾಕೆಂದರೆ ಆ ಇಂಗಾಲ ಗಟ್ಟಿ ಮರದೊಳಗೆ ಕೂತಿದೆ, ಕಸ ಕೊಳೆಯುವ ವೇಗಕ್ಕೆ ಅದು ಬಿಡುಗಡೆ ಆಗುವುದಿಲ್ಲ. ಮತ್ತೆ ಪುಡಿ ನೀರು ಕುಡಿದು ಹೂರಣವಾಗಿ ಗಾಳಿಯ ದಾರಿ ಮುಚ್ಚಿದೆ. ಗಾಳಿ ಇಲ್ಲದ ಕಡೆ ಕೊಳೆತರೆ ಕೊಳೆತ ಮೊಟ್ಟೆ ವಾಸನೆಯೇ ಬರೋದು. ಎಲೆಯಾದರೆ ಮುರಿದುಕೊಂಡು, ಸುರುಳಿ ಸುತ್ತಿಕೊಂಡು ಸಂದಿ ಬಿಡುತ್ತೆ. ನನ್ನ ಪ್ರಕಾರ ನಿಮ್ಮ ರಾಶಿಗೆ ಇಂಗಾಲಕ್ಕಿಂತ ತುರ್ತಾಗಿ ಬೇಕಾಗಿರೋದು ಗಾಳಿ.

ಮಳೆ ಬಿಡುವು ಕೊಟ್ಟ ದಿನ ಪೂರ್ತಿ ರಾಶಿಯನ್ನು ಟಾರ್ಪಾಲ್ ಮೇಲೆ ಹರವಿ. ಅವತ್ತು ವಾಸನೆ ವಿಪರೀತ ಇರುತ್ತೆ, ಅಜ್ಜಿಗೆ ಮೊದಲೇ ಹೇಳಿಬಿಡಿ. ಹೊಟ್ಟಿನ ಹಲ್ಲೆಗಳನ್ನು ಕೈಯಲ್ಲೇ ಪುಡಿ ಮಾಡಿ. ಗೂಡಿನ ತಳಕ್ಕೆ ಅರ್ಧ ಅಡಿ ಸಣ್ಣ ರೆಂಬೆ, ತೆಂಗಿನ ಗರಿ ತುಂಡು ಹಾಕಿ. ಮೇಲೆ ಕಸ ಮತ್ತು ಎಲೆ ಕಲೆಸಿ ತುಂಬಿ. ಪದರ ಪದರವಾಗಿ ಬೇಡ, ಕಲೆಸಿಯೇ ಹಾಕಿ. ಕೊನೆಗೆ ಮೂರು ಬೆರಳು ದಪ್ಪ ಒಣ ಎಲೆ ಮುಚ್ಚಿ. ಮಳೆಗೆ ತಗಡು ಇಡಿ, ಆದರೆ ಇಟ್ಟಿಗೆ ಮೇಲೆ ಎತ್ತರಿಸಿ ಇಡಿ.

ಒಲೆಬದಿಯವರೇ, ಕಟ್ಟಿಗೆಯ ಇಂಗಾಲ ಒಲೆಯಲ್ಲೇ ಹೊಗೆಯಾಗಿ ಹೋಗಿರುತ್ತೆ. ಬೂದಿಯಲ್ಲಿ ಉಳಿಯೋದು ಕ್ಷಾರ. ಬೂದಿಯಾಗಲಿ ಸುಣ್ಣವಾಗಲಿ, ಅಮೋನಿಯಾ ಇರುವ ರಾಶಿಗೆ ಹಾಕಿದರೆ ಅದು ಇನ್ನೂ ಜೋರಾಗಿ ಏಳುತ್ತೆ.

ಒಲೆಬದಿ:
ನಮ್ಮ ತಿಪ್ಪೆ ಯಾವತ್ತೂ ನಾರಿಲ್ಲ ಸರ್.

ಗೊಬ್ಬರಗುಂಡಿ:
ನಿಮ್ಮ ತಿಪ್ಪೆಗೆ ಕೊಟ್ಟಿಗೆಯ ಹುಲ್ಲೂ ಬೀಳುತ್ತೆ ಅಲ್ವಾ? ಹಸು ತಿಂದು ಬಿಟ್ಟ ಆ ಒಣಹುಲ್ಲೇ ಕೆಲಸ ಮಾಡುತ್ತಿರೋದು. ಬೂದಿ ಸುಮ್ನೆ ಹೆಸರು ತಗೊಂಡಿದೆ. ಹುಳಿ ವಾಸನೆಗೆ ಒಂದು ಚಿಟಿಕೆ ಬೂದಿ ಸ್ವಲ್ಪ ಸಮಾಧಾನ ಕೊಡುತ್ತೆ, ಅಷ್ಟು ಒಪ್ಪುತ್ತೇನೆ.

ಅಡಿಕೆಚಪ್ಪರ (ತೀರ್ಥಹಳ್ಳಿ ಕಡೆ):
ನಮ್ಮಲ್ಲಿ ವಾಸನೆಯೇ ಇಲ್ಲ ಮಾರಾಯ್ರೆ, ಆದರೆ ಗೊಬ್ಬರವೂ ಆಗೋದಿಲ್ಲ. ಅಡಿಕೆ ಸಿಪ್ಪೆ ರಾಶಿ ಹಾಕಿ ವರ್ಷ ಕಳೆಯಿತು, ಹಾಗೇ ಬಿದ್ದಿದೆ. ಇದಕ್ಕೂ ಎಲೆ ಹಾಕಬೇಕಾ?

ಗೊಬ್ಬರಗುಂಡಿ:
ಬೇಡ ಬೇಡ, ನಿಮ್ಮದು ಉಲ್ಟಾ ಕೇಸು. ಸಿಪ್ಪೆಯಲ್ಲಿ ಇಂಗಾಲ ಬೇಕಾದಷ್ಟಿದೆ, ಸಾರಜನಕ ಇಲ್ಲ. ಸಗಣಿ ನೀರು ಕಲಸಿ ಸಿಪ್ಪೆ ಪೂರ್ತಿ ನೆನೆಯುವ ಹಾಗೆ ಹಾಕಿ, ನಡುವೆ ಗೊಬ್ಬರದ ಗಿಡದ ಹಸಿ ಸೊಪ್ಪು ಕೊಡಿ. ಅದರ ನಾರು ಗಟ್ಟಿ, ಏನು ಮಾಡಿದರೂ ನಿಧಾನವೇ. ಬೇರೆ ಪ್ರಶ್ನೆಯಾಗಿ ಹಾಕಿದರೆ ನಿಮ್ಮ ಕಡೆಯವರೇ ಇನ್ನೂ ಚೆನ್ನಾಗಿ ಹೇಳುತ್ತಾರೆ.

ಹಿತ್ತಲಬೇಲಿ (ಮೈಸೂರು):
ಭಾನುವಾರ ಹರವಿ, ಕಲೆಸಿ ಕಟ್ಟಿದೆ. ಅಡುಗೆಮನೆಯ ತಕ್ಕಡಿಯಲ್ಲಿ ಎಲೆ ತೂಗಿ ನೋಡಿದೆ, ಒತ್ತಿದ ಬಕೆಟ್ಟಿಗೆ ಒಂದು ಕಿಲೋಗಿಂತ ಕಡಿಮೆಯೇ ಬಂತು. ಮೊಟ್ಟೆ ವಾಸನೆ ಪೂರ್ತಿ ಹೋಗಿದೆ. ರಾಶಿಗೆ ಚುಚ್ಚಿಟ್ಟ ಕಬ್ಬಿಣದ ಸಲಾಕೆ ಬೆಳಿಗ್ಗೆ ಎಳೆದು ಹಿಡಿದರೆ ಕೈ ಸುಡುವಷ್ಟು ಬಿಸಿ. ಆದರೆ ಬೆಳಗಿನ ಹೊತ್ತು ಮೂತ್ರಿ ವಾಸನೆ ಸ್ವಲ್ಪ ಇನ್ನೂ ಬರುತ್ತಿದೆ. ಒಂದು ವಿಷಯ ಹೇಳಿರಲಿಲ್ಲ. ಎಲೆ ಸಾಲದೆ, ಮುಂದಿನ ಹುಲ್ಲುಹಾಸು ಕತ್ತರಿಸಿ ಮಹಡಿ ಮೇಲೆ ಒಣಗಿಸಿದ ಹುಲ್ಲನ್ನೂ ಒಣ ಪಾಲಿಗೆ ಸೇರಿಸಿದ್ದೇನೆ. ಕಂದು ಬಣ್ಣಕ್ಕೆ ಬಂದಿತ್ತು.

ಸೊಪ್ಪಿನಮಡಿ:
ಹುಲ್ಲು ಒಣಗಿದರೆ ಕಂದು ಪಾಲೇ. ನಾನು ಯಾವಾಗಲೂ ಹಾಗೇ ಹಾಕುತ್ತೇನೆ, ಏನೂ ತೊಂದರೆ ಇಲ್ಲ.

ಗೊಬ್ಬರಗುಂಡಿ:
ಬಣ್ಣ ನಂಬಬೇಡಿ. ಹಸಿರಿದ್ದಾಗಲೇ ಕತ್ತರಿಸಿ ಒಣಗಿಸಿದರೆ ಹೋಗೋದು ನೀರು. ಸಾರಜನಕ ಬಹುಪಾಲು ಅಲ್ಲೇ ಇರುತ್ತೆ. ಮರದಿಂದ ತಾನಾಗಿ ಉದುರಿದ ಎಲೆ ಬೇರೆ. ಉದುರುವ ಮೊದಲು ಮರ ಅದರ ಸಾರಜನಕದಲ್ಲಿ ಒಂದಷ್ಟನ್ನು ವಾಪಸ್ ಎಳೆದುಕೊಂಡಿರುತ್ತೆ. ಹಾಗಾಗಿ ನಿಮ್ಮ ಒಣ ಹುಲ್ಲನ್ನು ಹಸಿ ಪಾಲಿಗೇ ಲೆಕ್ಕ ಹಾಕಿ. ಕಾಫಿ ಚರಟ, ಸಗಣಿ ಕೂಡ ಕಂದು ಬಣ್ಣವೇ, ಆದರೆ ಇವೂ ಆ ಪಾಲಿಗೇ ಸೇರಬೇಕು.

ಸೊಪ್ಪಿನಮಡಿ:
ಹಾಗಾದರೆ ನನ್ನ ರಾಶಿ ಯಾಕೆ ನಾರಲ್ಲ ಮೇಡಂ?

ಗೊಬ್ಬರಗುಂಡಿ:
ನೀರು ಹೋಗಿರೋದರಿಂದ ಅದು ಹಸಿ ಹುಲ್ಲಿನ ಥರ ಚಾಪೆಯಾಗಿ ಅಂಟಿಕೊಳ್ಳಲ್ಲ, ಗಾಳಿ ಆಡುತ್ತೆ. ಅದೊಂದು ಕಾರಣ ಇರಬಹುದು. ನೀವು ಜೊತೆಗೆ ಇನ್ನೇನು ಹಾಕುತ್ತೀರಿ ಅಂತ ಗೊತ್ತಿಲ್ಲದೆ ಪೂರ್ತಿ ಹೇಳಲಾರೆ.

ಸೊಪ್ಪಿನಮಡಿ:
ರಟ್ಟಿನ ಡಬ್ಬ ಹರಿದು ಹಾಕುತ್ತೇನೆ. ಅದನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ.

ಹಿತ್ತಲಬೇಲಿ (ಮೈಸೂರು):
ಈ ಮಳೆಯಲ್ಲಿ ಅಷ್ಟೊಂದು ಒಣ ಎಲೆ ಎಲ್ಲಿಂದ ತರಲಿ? ರಸ್ತೆ ಬದಿ ಬಿದ್ದದ್ದೆಲ್ಲ ನೆನೆದಿದೆ.

ಗೊಬ್ಬರಗುಂಡಿ:
ಈ ವರ್ಷಕ್ಕೆ ರಟ್ಟೇ ಗತಿ. ಟೇಪ್ ಕಿತ್ತು, ಅಂಗೈ ಅಗಲ ಹರಿದು, ಸ್ವಲ್ಪ ಮುದುಡಿ ಹಾಕಿ. ಚಪ್ಪಟೆಯಾಗಿ ಜೋಡಿಸಿದರೆ ಅದೂ ಚಾಪೆಯಾಗುತ್ತೆ. ಮುಂದಿನ ಸಲ ಜನವರಿ, ಫೆಬ್ರವರಿಯಲ್ಲಿ ಎಲೆ ಉದುರುವಾಗಲೇ ಗೋಣಿಚೀಲದಲ್ಲಿ ತುಂಬಿ, ನೆನೆಯದ ಕಡೆ ಇಟ್ಟುಕೊಳ್ಳಿ. ಮಾವಿನ ಎಲೆ ದಪ್ಪ, ಬೇಗ ಕರಗಲ್ಲ, ತುಳಿದು ಮುರಿದು ಹಾಕಿ.

ಹಿತ್ತಲಬೇಲಿ (ಮೈಸೂರು):
ಜ್ಯೂಸ್ ಅಂಗಡಿ ಪಕ್ಕ ಕಬ್ಬಿನ ಹಾಲಿನ ಗಾಡಿ ಇದೆ. ಹಿಂಡಿದ ಕಬ್ಬಿನ ಜಲ್ಲೆ ದಿನಾ ರಾಶಿ ಬೀಳುತ್ತೆ. ಅದು ಆಗುತ್ತಾ?

ಗೊಬ್ಬರಗುಂಡಿ:
ಇಂಗಾಲಕ್ಕೂ ಗಾಳಿಗೂ ಒಳ್ಳೆಯದು. ಗೇಣುದ್ದ ಕತ್ತರಿಸಿ, ಒಂದೆರಡು ದಿನ ಒಣಗಿಸಿ ಹಾಕಿ. ಹಸಿಯಾಗಿ ಹಾಕಿದರೆ ಉಳಿದ ಸಕ್ಕರೆ ಹುಳಿ ಬಂದು ಹೆಂಡದ ವಾಸನೆ ಬರುತ್ತೆ.

ಹಿತ್ತಲಬೇಲಿ (ಮೈಸೂರು):
ಇವತ್ತು ಎರಡು ಚೀಲ ತಂದು ಹರವಿದ್ದೇನೆ, ಹುಲ್ಲು ನಿಲ್ಲಿಸಿದ್ದೇನೆ. ಒಂದೇ ಸಮಸ್ಯೆ, ಮಹಡಿ ತುಂಬಾ ಕಟ್ಟಿರುವೆ. ಅರಿಶಿನ ಎರಚಿದೆ, ಕ್ಯಾರೇ ಅನ್ನುತ್ತಿಲ್ಲ. ಯಾರಾದರೂ ಕಬ್ಬಿನ ಜಲ್ಲೆ ಒಣಗಿಸಿದವರು ಇದ್ದೀರಾ?