ಆರು ಅಂಕುಶವೋ, ಯಾರ ಅಂಕುಶವೋ

"ಅಕ್ಕೋರೇ, ಪಂಪನ ಆ ಬನವಾಸಿ ಪದ್ಯ ಈಗ ಯಾರಿಗೆ ಬೇಕು ಅಂತ ಮಗಳು ಕೇಳ್ತಾಳೆ. ಏನು ಹೇಳಲಿ?"

ತಮ್ಮಾ, ಮೆಸೇಜು ಉದ್ದ ಆಗುತ್ತೆ, ಚಾ ಇಟ್ಕೊಂಡು ಕೂತು ಕೇಳು. ಗುಂಪಿನಲ್ಲಿದ್ದ ಉಳಿದವರು ಬೈಕೊಳ್ಳಬೇಡಿ.

ಮೊದಲು ನಿನ್ನ ಹಳೇ ಉತ್ತರಪತ್ರಿಕೆಯ ವಿಷಯ. "ಆರಂಕುಸಮಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ" ಅನ್ನೋದಕ್ಕೆ ನೀನು "ಆರು ಅಂಕುಶ ಚುಚ್ಚಿದರೂ" ಅಂತ ಬರೆದಿದ್ದೆ. ನಾನು ಕೆಂಪು ಗೀಟು ಹಾಕಿ ಸೊನ್ನೆ ಕೊಟ್ಟೆ. ಇಲ್ಲಿ ಆರ್ ಅಂದರೆ ಯಾರು, ಮನಸ್ಸು ಆನೆ, ಯಾರು ಬಂದು ಅಂಕುಶ ಹಾಕಿದರೂ ಅದು ಬನವಾಸಿಯನ್ನೇ ನೆನೆಯುತ್ತದೆ. ಅಂದು ರಾತ್ರಿ ಯಾಕೋ ಮೇಲಿನ ಮೂರು ಸಾಲನ್ನು ಮತ್ತೆ ಓದಿದೆ. ತೆಂಕಣಗಾಳಿ, ಒಳ್ಳೆ ಮಾತು, ಇಂಪಾದ ಹಾಡು, ಬಿರಿದ ಮಲ್ಲಿಗೆ, ಕೆಂದಲಂಪು ಅಂದರೆ ನಲ್ಲರು ಕೂಡಿದ ಸುಖ, ವಸಂತದ ಹಬ್ಬ. ಎಣಿಸಿದೆ. ಸರಿಯಾಗಿ ಆರು! ನಿನ್ನ ತಲೆಗೆ ಅದು ಹೊಳೆದಿತ್ತೋ, ಸುಮ್ನೆ ಅಂದಾಜಿಗೆ ಬರೆದಿದ್ಯೋ, ನೀನೇ ಹೇಳಬೇಕು.

ಆದರೂ ನನ್ನ ಓಟು ಈಗಲೂ "ಯಾರು"ಗೇ. ಗಾಳಿ, ಮಲ್ಲಿಗೆ ಎಲ್ಲಾ ಮನಸ್ಸನ್ನು ಬನವಾಸಿ ಕಡೆ ಎಳೆಯುವಂಥವು, ಅಂಕುಶ ಬರೋದು ತಡೆಯೋಕೆ. ಎಳೆಯೋದನ್ನೇ ತಡೆಯೋದು ಅಂದರೆ ಅರ್ಥ ಕೂಡಿ ಬರಲ್ಲ, ಅಲ್ವಾ? ಆದರೆ ಅರ್ಧ ಅಂಕವನ್ನಾದರೂ ಕೊಡಬೇಕಿತ್ತು.

ಮಗಳಿಗೆ ಒಂದೇ ಒಂದು ತೋರಿಸು, ಆ "ಒಡಂ". ಸೋಂಕಿದೊಡಂ ಅಂದರೆ ನಮ್ಮ "ತಾಗಿದರೂ". ಗಾಳಿ ತಾಗಿದರೂ ಸಾಕು, ನೆನಪು ಬರುತ್ತದೆ. ಯಾರು ತಡೆದರೂ ನಿಲ್ಲಲ್ಲ, ನೆನಪು ಬರುತ್ತದೆ. ಒಂದೇ "ದರೂ" ಮೊದಲು ನೆನಪಿನ ಬಾಗಿಲು ತೆಗೆಯುತ್ತೆ, ಕೊನೆಗೆ ಬಾಗಿಲು ಹಾಕೋಕೆ ಬಂದವರನ್ನು ಆಚೆ ನೂಕುತ್ತೆ. ಅವಳು ದಿನಾ ಆಡುವ ಮಾತಿನಲ್ಲೂ ಈ ಎರಡು ಕೆಲಸ ಇದೆ, ಹಳೆಗನ್ನಡ ಬರಲ್ಲ ಅನ್ನೋ ಹೆದರಿಕೆಯೇ ಬೇಡ. "ನಾನು ನೆನೆಯುತ್ತೇನೆ" ಅಂತಲೂ ಅವನು ಹೇಳಿಲ್ಲ ನೋಡು, "ನೆನೆವುದೆನ್ನ ಮನಂ" ಅಂತಾನೆ. ಮನಸ್ಸು ಅವನ ಕೈಲಿಲ್ಲ.

ಇನ್ನೊಂದು, ಪುಸ್ತಕದಲ್ಲಿ ಕೊನೇ ಸಾಲು "ರಂಕುಸ" ಅಂತ ಶುರುವಾದರೆ ಅಚ್ಚಿನ ತಪ್ಪು ಅಂದುಕೊಳ್ಳಬೇಡಿ. ಎರಡನೇ ಅಕ್ಷರದ ಪ್ರಾಸಕ್ಕೆ ಮೊದಲ ಸಾಲಿನ ತೆಂಕಣದ ಜೊತೆ ರಂಕುಸ ಕೂಡಬೇಕು, ಹಾಗಾಗಿ "ಆ" ಮೇಲಿನ ಸಾಲಿನ ತುದಿಯಲ್ಲೇ ಉಳಿದಿದೆ. ಕ್ಲಾಸಲ್ಲಿ ಪ್ರತಿ ವರ್ಷ ಯಾರಾದರೊಬ್ಬ "ಟೀಚರ್, ರಂಕುಸ ಅಂದರೆ ಏನು?" ಅಂತ ಕೇಳೋನು.

ಪಂಪ ಇದ್ದದ್ದು ವೇಮುಲವಾಡದ ಅರಿಕೇಸರಿಯ ಆಸರೆಯಲ್ಲಿ, ಈಗಿನ ತೆಲಂಗಾಣ. ಪದ್ಯ ಬರೋದು ಅರ್ಜುನ ಬನವಾಸಿಗೆ ಬಂದಾಗ. ಕದಂಬರ ರಾಜಧಾನಿಯಾಗಿದ್ದ ಊರು, ಆದರೂ ಈ ನಾಲ್ಕು ಸಾಲಲ್ಲಿ ಅರಮನೆ ಇಲ್ಲ, ಕೋಟೆ ಇಲ್ಲ. ಗಾಳಿ, ಹೂವು, ನಾಲ್ಕು ಒಳ್ಳೆ ಮಾತು. ನೀನು ಪುಣೆಯಿಂದ ಫೋನ್ ಮಾಡಿದಾಗಲೂ ಶಿರಸಿ ಪೇಟೆ ಬಗ್ಗೆ ಕೇಳಲ್ಲ, "ಮಳೆ ಹಿಡೀತಾ, ಅಕ್ಕೋರೇ?" ಅಂತೀಯ.

ರಜೆಗೆ ಬಂದಾಗ ಮಗಳನ್ನು ಕರಕೊಂಡು ಬಾ. ವರದೆಯ ದಂಡೆಗೆ ಹೋಗೋಣ. ಆ ಉತ್ತರಪತ್ರಿಕೆ ಸಿಕ್ಕರೆ ಅದನ್ನೂ ತಾ, ಅರ್ಧ ಅಂಕ ಬಾಕಿ ಇದೆ.